ಬ್ಯಾಂಕ್ ಕೆಲಸದ ನಡುವೆ ಥೀಸಿಸ್ ಬರೆದದ್ದು

ನಾನು ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದೇನೆ. ಮನೆ ಗದಗದಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಇದರ ನಡುವೆಯೇ ಗದಗ ಜಿಲ್ಲೆಯ ಹಳ್ಳಿ ಸಹಕಾರಿ ಸಂಘಗಳ ಸಾಲ ವಸೂಲಿಯ ಮೇಲೆ ಪಾರ್ಟ್‌ಟೈಮ್ ಪಿಎಚ್.ಡಿ. ಮಾಡಿದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ಇದು. ಹಳೆಯ ದಾಖಲೆ ಬೇಕಾದಷ್ಟು ಸಿಗುತ್ತವೆ. ಅವುಗಳ ಮುಂದೆ ಕೂರುವ ಹೊತ್ತನ್ನು ಮಾತ್ರ ನಾನೇ ಹುಡುಕಿಕೊಳ್ಳಬೇಕಿತ್ತು.

ಯುಜಿಸಿಯ 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಅಂತಿದೆ. ಪಾರ್ಟ್‌ಟೈಮ್ ಮಾಡುವವರು ಕೆಲಸ ಮಾಡುವ ಕಡೆಯಿಂದ ಎನ್‌ಒಸಿ ತರಬೇಕು. ಪ್ರತಿ ಸೆಮಿಸ್ಟರಿಗೆ ಒಮ್ಮೆ ಸಲಹಾ ಸಮಿತಿ ಮುಂದೆ ಹೋಗಿ ಎಷ್ಟು ಕೆಲಸ ಆಗಿದೆ ಅಂತ ತೋರಿಸಬೇಕು. ಈ ಕೊನೆಯದು ನನಗೆ ತುಂಬ ಉಪಕಾರ ಮಾಡಿತು. ಆರು ವರ್ಷ ಅಂದರೆ ಕೈಗೆ ಸಿಗದಷ್ಟು ದೂರ. ಆರು ತಿಂಗಳು ಅಂದರೆ ಒಂದು ಅಧ್ಯಾಯ.

ನನ್ನ ಹೊತ್ತು ಬೆಳಿಗ್ಗೆ ಐದೂವರೆಯಿಂದ ಆರೂವರೆ. ಸಂಜೆ ಆಗಲ್ಲ ಅನ್ನೋದು ಬೇಗ ಗೊತ್ತಾಯಿತು. ದಿನವಿಡೀ ಸಾಲದ ಫೈಲು ನೋಡಿದ ಮೇಲೆ ಮತ್ತೆ ಸಾಲದ ಬಗ್ಗೆಯೇ ಒಂದು ವಾಕ್ಯ ಕಟ್ಟುವಷ್ಟು ತಲೆ ಉಳಿದಿರುವುದಿಲ್ಲ. ಬೆಳಗಿನ ಆ ಒಂದು ಗಂಟೆ ಉಳಿಯಬೇಕಾದರೆ ಮನೆಯಲ್ಲಿ ಕೆಲಸ ಅದಲುಬದಲು ಮಾಡಿಕೊಳ್ಳಬೇಕಾಯಿತು. ಮುಂಜಾನೆಯ ಚಹಾ, ಹಾಲು, ಮಗನ ಡಬ್ಬಿ ಯಜಮಾನರ ಪಾಲಿಗೆ ಹೋಯಿತು. ರಾತ್ರಿ ಅಡುಗೆ, ಪಾತ್ರೆ ನನ್ನ ಪಾಲಿಗೆ ಬಂತು. "ಆರೂವರೆ ತನಕ ನೀ ಮನ್ಯಾಗ ಇಲ್ಲ ಅಂತ ತಿಳಕೊಂತೇವಿ, ನೀ ಬರಿ" ಅಂದರು. ಅತ್ತೆಯವರೂ ಹಾಗೇ ನಡೆದುಕೊಂಡರು. ಬರೀ "ತೊಂದರೆ ಕೊಡಬೇಡಿ" ಅಂದಿದ್ದರೆ ಒಂದು ವಾರ ನಡೆಯುತ್ತಿತ್ತು, ಅಷ್ಟೇ. ಆ ಹೊತ್ತಿನ ಕೆಲಸ ಯಾರದು ಅಂತ ಗೊತ್ತಾದ ಮೇಲೆ ಯಾರೂ ನನ್ನನ್ನು ಕರೆಯಲಿಲ್ಲ. ಫೋನು ಅಡುಗೆಮನೆಯಲ್ಲೇ ಇರುತ್ತಿತ್ತು.

ಒಂದು ಗಂಟೆಯಲ್ಲಿ ಏನು ಹಿಡಿಸುತ್ತದೆ ಅನ್ನೋದೇ ಮುಖ್ಯ. "ನಾಲ್ಕನೇ ಅಧ್ಯಾಯ ಮುಂದುವರಿಸು" ಅಂತ ಬರೆದಿಟ್ಟು ಮಲಗಿದರೆ ಮರುದಿನ ಅರ್ಧ ಗಂಟೆ ಹಳೆಯದನ್ನು ಓದುವುದರಲ್ಲೇ ಹೋಗುತ್ತದೆ. ಓದುತ್ತಾ ಓದುತ್ತಾ ಮೊದಲ ಪುಟ ತಿದ್ದುತ್ತೀರಿ. ವಾರದ ಕೊನೆಗೆ ಮೊದಲ ಪುಟ ತುಂಬ ಚೆನ್ನಾಗಿರುತ್ತದೆ, ಎರಡನೆಯದು ಹುಟ್ಟೇ ಇರುವುದಿಲ್ಲ. ನಿಮಗೂ ಹೀಗಾಗುತ್ತಿದೆಯೇ ಅಂತ ನೋಡಬೇಕಾದರೆ ಫೈಲಿನ ಪದಗಳ ಲೆಕ್ಕ ನೋಡಿ. ದಿನಾ ಕೂತರೂ ಅದು ಏರದಿದ್ದರೆ ನೀವು ಬರೆಯುತ್ತಿಲ್ಲ, ತಿದ್ದುತ್ತಿದ್ದೀರಿ.

ಅದಕ್ಕೆ ಕೊನೆಯ ಐದು ನಿಮಿಷ ನಾಳೆಗೆ ಅಂತ ತೆಗೆದಿಡುತ್ತಿದ್ದೆ. ಫೈಲಿನ ಕೊನೆಯಲ್ಲಿ ಒಂದೇ ಸಾಲು, ಅದರಲ್ಲಿ ನಾಳೆ ಉತ್ತರಿಸಬೇಕಾದ ಪ್ರಶ್ನೆ. ಉದಾಹರಣೆಗೆ, ಒಂದು ಸಂಘದಲ್ಲಿ ಸುಸ್ತಿ, ಅಂದರೆ ಗಡುವು ಮೀರಿಯೂ ಕಟ್ಟದೆ ಉಳಿದ ಸಾಲ, ಯಾಕೆ ಏರಿತು ಅನ್ನುವ ಭಾಗ ಹೀಗೆ ಬಂತು. ಸೋಮವಾರದ ಸಾಲು: "ಟೇಬಲ್‌ನಲ್ಲಿ ಯಾವ ವರ್ಷ ಸುಸ್ತಿ ಏರಿದೆ? ಪುಸ್ತಕ ತೆರೆಯದೆ ಬರಿ." ಮಂಗಳವಾರ: "ಆ ವರ್ಷ ಮಳೆ ಕಾರಣವೋ, ಮನ್ನಾ ಕಾರಣವೋ?" 2017ರಲ್ಲಿ ಸರ್ಕಾರ ಸಹಕಾರಿ ಬೆಳೆ ಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿತ್ತು. ಮರುವರ್ಷ ಮತ್ತೊಂದು ಮನ್ನಾ ಘೋಷಣೆಯಾಯಿತು. ಮನ್ನಾ ಬರುತ್ತದೆ ಅನ್ನುವ ಸುದ್ದಿ ಇದ್ದಾಗ ಕಟ್ಟಬಲ್ಲವರೂ ತಡೆದು ನೋಡುತ್ತಾರಲ್ವಾ? ಬುಧವಾರದ ಪ್ರಶ್ನೆ ಅದೇ: "ಕಂತು ತಪ್ಪಿದವರಲ್ಲಿ ಹಿಂದಿನ ವರ್ಷ ಸರಿಯಾಗಿ ಕಟ್ಟಿದವರು ಎಷ್ಟು ಮಂದಿ?" ಹೀಗೆ ಒಂದೊಂದು ದಿನಕ್ಕೆ ಒಂದೆರಡು ಪ್ಯಾರಾ. ವಾರದ ಕೊನೆಗೆ ಆ ಭಾಗ ಓದುವ ಹಾಗಿತ್ತು.

ಬುಧವಾರವೇ ಒಂದು ತೊಡಕು ಬಂತು. ಸಂಘದ ನಡಾವಳಿ ಪುಸ್ತಕದಲ್ಲಿ ಸುಸ್ತಿಯ ಮೊತ್ತ ಒಂದಿತ್ತು, ಆಡಿಟ್ ವರದಿಯಲ್ಲಿ ಇನ್ನೊಂದಿತ್ತು. ಇಂಥ ವ್ಯತ್ಯಾಸ ಕಂಡ ಕೂಡಲೇ ಅದರ ಬೆನ್ನು ಹತ್ತಬೇಕು ಅನಿಸುತ್ತದೆ. ಹತ್ತಿದರೆ ಆ ಬೆಳಗು ಹೋಯಿತು, ಬಹುಶಃ ಮರುದಿನದ್ದೂ ಹೋಯಿತು. ನಾನು ಆ ಜಾಗದಲ್ಲಿ "ನೋಡು: ಸುಸ್ತಿ ಮೊತ್ತ ಎರಡು ಕಡೆ ಬೇರೆ" ಅಂತ ಬರೆದು ಮುಂದೆ ಹೋದೆ. "ನೋಡು:" ಅನ್ನುವುದು ನನ್ನ ಗುರುತು. ಫೈಲಿನಲ್ಲಿ ಅದನ್ನು ಹುಡುಕಿದರೆ ಬಾಕಿ ಇರುವ ಅನುಮಾನಗಳೆಲ್ಲ ಒಂದೊಂದಾಗಿ ಸಿಗುತ್ತವೆ.

ಅವನ್ನು ಬಿಡಿಸುವುದು ಶನಿವಾರ. ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಈ ಎರಡು ದಿನಗಳನ್ನು ಮದುವೆ, ಸಂತೆ, ನೆಂಟರಿಗೆ ಬಿಡದೆ ಕಾಯ್ದುಕೊಂಡೆ. ಹಬ್ಬ ಬಂದಾಗ ಮಾತ್ರ ಬಿಟ್ಟೆ. ಆ ಶನಿವಾರ ಸಂಘದ ಕಾರ್ಯದರ್ಶಿಗಳಿಗೆ ಮೊದಲೇ ಫೋನ್ ಮಾಡಿ ಹೋದೆ. ಕಿರ್ದಿ, ಖಾತೆ ಪುಸ್ತಕ ಎಲ್ಲ ಮೇಜಿನ ಮೇಲೆ ಹರಡಿ ಕೂತಾಗ ಗಂಟು ಬಿಚ್ಚಿತು. ಆಡಿಟ್ ಲೆಕ್ಕ ಮಾರ್ಚ್ 31ರದು. ನಡಾವಳಿಯಲ್ಲಿದ್ದದ್ದು ಮಳೆಗಾಲದ ಒಂದು ಸಭೆಯ ದಿನ ಓದಿ ಹೇಳಿದ ಮೊತ್ತ. ನಡುವೆ ಕೆಲವರು ಕಟ್ಟಿದ್ದರು. ಎರಡೂ ಸರಿಯೇ, ದಿನ ಮಾತ್ರ ಬೇರೆ. "ಮೇಡಂ, ಇದನ್ನ ಯಾರೂ ಕೇಳಿದ್ದಿಲ್ರಿ" ಅಂದರು ಅವರು. ಆಮೇಲೆ ಎಲ್ಲ ಸಂಘಗಳಿಗೂ ಮಾರ್ಚ್ 31ರ ಲೆಕ್ಕವನ್ನೇ ಹಿಡಿದೆ. ಯಾಕೆ ಅಂತ ಟೇಬಲ್ ಕೆಳಗೆ ಟಿಪ್ಪಣಿ ಹಾಕಿದೆ. ಇಂಥ ಕೆಲಸ ಬೆಳಗಿನ ಒಂದು ಗಂಟೆಯಲ್ಲಿ ಆಗುವುದಲ್ಲ. ಅದಕ್ಕೆ ಅರ್ಧ ದಿನ, ಎಲ್ಲ ಕಾಗದ ಒಟ್ಟಿಗೆ, ಎದ್ದು ಹೋಗುವ ಅವಸರ ಇಲ್ಲದಿರುವುದು ಬೇಕು.

ರೈಲಿನಲ್ಲಿ ನಾನು ಬರೆಯಲಿಲ್ಲ. ಸೀಟು ಸಿಗುವ ಖಾತ್ರಿ ಇಲ್ಲ, ಮಾತಿಗೂ ಯಾರಾದರೂ ಸಿಗುತ್ತಾರೆ. ಪ್ರಿಂಟ್ ತೆಗೆದ ನಾಲ್ಕಾರು ಪುಟ, ಒಂದು ಪೆನ್ಸಿಲ್ ಇಟ್ಟುಕೊಂಡು ಹೋಗುತ್ತಿದ್ದೆ. ಹೋಗುವಾಗ ಬೇರೆಯವರ ಲೇಖನ, ಬರುವಾಗ ನನ್ನದೇ ಪುಟ. ತಿದ್ದುವ ಆಸೆ ಅಲ್ಲಿ ತೀರುತ್ತಿತ್ತು, ಹಾಗಾಗಿ ಬೆಳಗಿನ ಹೊತ್ತು ಹೊಸದಕ್ಕೇ ಉಳಿಯಿತು.

ವರ್ಷದ ಲೆಕ್ಕ ಮುಗಿಸುವ ಮಾರ್ಚ್ ಹೇಗಿರುತ್ತದೆ ಅಂತ ಬ್ಯಾಂಕಿನವರಿಗೆ ಗೊತ್ತು. ಆ ತಿಂಗಳು ಹೊಸದಾಗಿ ಬರೆಯುವ ಹಟ ಬಿಟ್ಟು ಹದಿನೈದು ನಿಮಿಷ ಮಾತ್ರ ಕೂರುತ್ತಿದ್ದೆ. ಅಡಿಟಿಪ್ಪಣಿ ಸರಿಮಾಡುವುದು, ಗ್ರಂಥಸೂಚಿಗೆ ಹೆಸರು ಸೇರಿಸುವುದು, ಅಷ್ಟೇ. ಪೂರ್ತಿ ಬಿಟ್ಟರೆ ಏಪ್ರಿಲ್‌ನಲ್ಲಿ ಎಲ್ಲಿದ್ದೆ ಅಂತ ಹುಡುಕುವುದಕ್ಕೇ ಒಂದು ವಾರ ಬೇಕಾಗುತ್ತದೆ. ಫೈಲು ದಿನಾ ತೆರೆದಿದ್ದರೆ ಎಳೆ ತಪ್ಪುವುದಿಲ್ಲ.

ಇಡೀ ಥೀಸಿಸ್ ಒಂದಾಗಿ ಜೋಡಿಸುವಾಗ ಈ ಪದ್ಧತಿ ಸಾಲಲಿಲ್ಲ. ತುಂಡು ತುಂಡಾಗಿ ಬರೆದದ್ದರಲ್ಲಿ ಒಂದೇ ಮಾತು ಎರಡು ಅಧ್ಯಾಯಗಳಲ್ಲಿ ಬರುತ್ತದೆ. ಒಂದು ಕಡೆ "ಸುಸ್ತಿ", ಇನ್ನೊಂದು ಕಡೆ "ಬಾಕಿ" ಅಂತಿರುತ್ತದೆ. ಅದು ಕಣ್ಣಿಗೆ ಬೀಳಬೇಕಾದರೆ ಎಲ್ಲವನ್ನೂ ಒಂದೇ ಪಟ್ಟಿಗೆ ಓದಬೇಕು. ಅದಕ್ಕೆ ಅಂತಲೇ ಪಿಎಲ್ ರಜೆ ಉಳಿಸಿಕೊಂಡಿದ್ದೆ. ಮ್ಯಾನೇಜರ್ ಸಾಹೇಬರಿಗೆ ಎರಡು ತಿಂಗಳು ಮೊದಲೇ ಹೇಳಿ, ಕ್ಲೋಸಿಂಗ್ ಇಲ್ಲದ ಒಂದು ವಾರ ತೆಗೆದುಕೊಂಡೆ. ಆ ವಾರ ಏನೂ ತಿದ್ದಲಿಲ್ಲ. ಪೂರ್ತಿ ಪ್ರಿಂಟ್ ಓದಿ, ಸರಿಮಾಡಬೇಕಾದ್ದನ್ನು ಪುಟದ ನಂಬರಿನ ಜೊತೆ ಪಟ್ಟಿ ಮಾಡಿದೆ. ರಜೆ ಮುಗಿದ ಮೇಲೆ ಆ ಪಟ್ಟಿಯನ್ನೇ ಬೆಳಗಿನ ಗಂಟೆಗಳಿಗೆ ಹಂಚಿಕೊಂಡು ಒಂದೊಂದಾಗಿ ಹೊಡೆದುಹಾಕಿದೆ.