ಸುಮ್ನೆ ಆಡಿದ ಮಾತಿನಿಂದ ಉಡುಗೊರೆ ಆರಿಸೋದು ಹೇಗೆ?

"ನಿನಗೇನು ಬೇಕು?" ಅಂತ ಕೇಳಿದ ಕೂಡಲೇ ಅಚ್ಚರಿ ಮುಗಿಯಿತು. ಅದೂ ಅಲ್ಲದೆ ಹೆಚ್ಚಿನವರು "ಏನೂ ಬೇಡ" ಅಂತಲೇ ಹೇಳುತ್ತಾರೆ. ಹಾಗಾಗಿ ಕೇಳಬೇಡಿ, ಎರಡು ಮೂರು ತಿಂಗಳು ಮೊದಲಿನಿಂದಲೇ ಕಿವಿಗೊಡಿ.

ಮೊದಲು ಬರೆದಿಡಿ. ಅವರ ಮಾತನ್ನು ಅವರದೇ ಪದಗಳಲ್ಲಿ, ಆಗ ಏನು ಮಾಡುತ್ತಿದ್ದರು ಅನ್ನೋದರ ಸಮೇತ ಮೊಬೈಲ್‌ನಲ್ಲಿ ಹಾಕಿಡಿ. ಉದಾಹರಣೆಗೆ ಕರೆಂಟ್ ಹೋದ ರಾತ್ರಿ ಅಕ್ಕ ಮೇಲೆ ನೋಡಿ, "ಚಿಕ್ಕವಳಿದ್ದಾಗ ನಕ್ಷತ್ರ ಗುರುತಿಸೋ ಹುಚ್ಚಿತ್ತು, ಈಗ ಎಲ್ಲಾ ಮರೆತೇ ಹೋಗಿದೆ" ಅಂದಳು ಅನ್ನಿ. ಅಷ್ಟನ್ನೇ ಬರೆಯಿರಿ. "ಅಕ್ಕನಿಗೆ ಟೆಲಿಸ್ಕೋಪ್ ಬೇಕು" ಅಂತ ಬರೆದರೆ ಕೆಟ್ಟಿತು, ಅದು ನಿಮ್ಮ ಊಹೆ.

ಇನ್ನು ಮಾತುಗಳನ್ನು ಜರಡಿ ಹಿಡಿಯಬೇಕು. ಬೇರೆಯವರ ವಸ್ತು ನೋಡಿ "ಚೆನ್ನಾಗಿದೆ" ಅಂದದ್ದು ಬರೀ ಮರ್ಯಾದೆಗಿರಬಹುದು. ನಿಮ್ಮ ಮುಖ ನೋಡಿಕೊಂಡೇ "ಇಂಥದ್ದೊಂದು ಇದ್ದಿದ್ದರೆ" ಅಂದರೆ ಅದು ಬೇಡಿಕೆ, ಕೊಡಿಸಿದರೆ ಖುಷಿಪಡುತ್ತಾರೆ, ಅಚ್ಚರಿಪಡುವುದಿಲ್ಲ. "ದಪ್ಪ ಆಗಿದ್ದೀನಿ" ಅಂತ ಗೊಣಗಿದವರಿಗೆ ವ್ಯಾಯಾಮದ ಸಾಮಾನು ಕೊಡೋಕಂತೂ ಹೋಗಬೇಡಿ! ನಾನು ಜಾಸ್ತಿ ನಂಬೋದು, ಯಾರೂ ಕೇಳದೆ, ಬೇರೆ ಬೇರೆ ಸಂದರ್ಭದಲ್ಲಿ ಎರಡನೇ ಸಲ ಬಂದ ಮಾತನ್ನು. ಪ್ರವಾಸದ ಫೋಟೊ ತೋರಿಸುವಾಗಲೂ ಅಕ್ಕ ಅಲ್ಲಿನ ರಾತ್ರಿಯ ಆಕಾಶದ ಬಗ್ಗೆಯೇ ಹೇಳಿದಳೆಂದರೆ ಆ ಆಸೆ ಇನ್ನೂ ಇದೆ ಅಂತ.

ಈಗ ಮುಖ್ಯ ಪ್ರಶ್ನೆ: ಇಷ್ಟು ಆಸೆ ಇದ್ದರೂ ಅವರೇ ಯಾಕೆ ಕೊಂಡಿಲ್ಲ? ಉತ್ತರ ಹಳೆಯ ಮಾತುಗಳಲ್ಲೇ ಇರುತ್ತದೆ. "ಮನೇಲಿ ಒಂದು ಸಾಮಾನು ಇಡೋಕೂ ಜಾಗ ಇಲ್ಲ" ಅಂತ ಅಕ್ಕ ಸದಾ ಹೇಳುತ್ತಾಳೆ, ಜೋಡಿಸಿ ಬಿಚ್ಚುವ ಯಾವ ಯಂತ್ರವೂ ಅವಳಿಗಾಗದು. ಅಂದರೆ ಸ್ಟ್ಯಾಂಡ್ ಸಮೇತ ಟೆಲಿಸ್ಕೋಪ್ ತಂದರೆ ಅದು ಅಟ್ಟ ಸೇರುತ್ತದೆ. ಅದರ ಬದಲು 10x50 ಬೈನಾಕ್ಯುಲರ್ ನೋಡಿ. ಹತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 50 ಮಿ.ಮೀ. ಅಗಲ. ಕೈ ಅಲುಗದಂತೆ ಗೋಡೆಗೆ ಒರಗಿ ನಿಂತರೆ ಚಂದ್ರನ ಕುಳಿಗಳು ಕಾಣುತ್ತವೆ, ಗುರುಗ್ರಹದ ದೊಡ್ಡ ಚಂದ್ರರು ಚುಕ್ಕಿಗಳಂತೆ ಕಾಣುತ್ತಾರೆ. ಶನಿಯ ಉಂಗುರ ಮಾತ್ರ ಕಾಣದು. ಅವಳು ಕನ್ನಡಕ ಹಾಕುವವಳಾದರೆ ಐ ರಿಲೀಫ್, ಅಂದರೆ ಕಣ್ಣಿಗೂ ನೋಡುವ ಕಡೆಯ ಗಾಜಿಗೂ ನಡುವೆ ಇರಬಹುದಾದ ದೂರ, 15 ಮಿ.ಮೀ.ಗಿಂತ ಜಾಸ್ತಿ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಪೂರ್ತಿ ನೋಟ ಸಿಗುವುದಿಲ್ಲ. "ಮರೆತೇ ಹೋಗಿದೆ" ಅಂದಿದ್ದಳಲ್ವಾ, ಜೊತೆಗೊಂದು ನಕ್ಷತ್ರಪಟವೂ ಇರಲಿ.

ಕೊಳ್ಳುವ ಮುಂಚೆ ಮನೆಯ ಇನ್ನೊಬ್ಬರ ಹತ್ತಿರ, ಅವಳು ಈಗಾಗಲೇ ತೆಗೆದುಕೊಂಡಿದ್ದಾಳಾ ಅಂತ ವಿಚಾರಿಸಿ. ಗುಟ್ಟು ಉಳಿಸಿಕೊಳ್ಳುವವರನ್ನೇ ಕೇಳಿ, ಮಕ್ಕಳನ್ನಂತೂ ಬೇಡ. ಆ ಮಾತು ಒಂದೇ ಸಲ ಬಂದು ಮತ್ತೆ ಬರಲೇ ಇಲ್ಲ ಅಂದರೆ ಈ ಸಲ ಬಿಡಿ, ಮೊಬೈಲ್‌ನಲ್ಲೇ ಇರಲಿ, ಮುಂದಿನ ವರ್ಷಕ್ಕಾಗುತ್ತದೆ.