ಟ್ರಿಪ್ ಲಾಗ್ ಸ್ಕ್ರೀನ್‌ಶಾಟ್‌ನಿಂದ ನಿಜವಾದ ಮೈಲೇಜ್ ತೆಗೆಯೋದು

ಕಾರ್ ಆ್ಯಪ್ ಪ್ರತಿ ಟ್ರಿಪ್‌ಗೆ ತೋರಿಸುವ ಮೈಲೇಜನ್ನೆಲ್ಲ ಕೂಡಿ ಟ್ರಿಪ್‌ಗಳ ಸಂಖ್ಯೆಯಿಂದ ಭಾಗಿಸಬೇಡಿ, ಉತ್ತರ ತಪ್ಪಾಗುತ್ತೆ. 6 ಕಿ.ಮೀ. ಪೇಟೆ ಓಡಾಟಕ್ಕೆ 10, 90 ಕಿ.ಮೀ. ಹೈವೇಗೆ 20 ಅಂತ ಇದೆ ಅನ್ನಿ. ಹಾಗೆ ಸರಾಸರಿ ತೆಗೆದರೆ 15 ಬರುತ್ತೆ. ಆದರೆ ಖರ್ಚಾದ ಪೆಟ್ರೋಲ್ 0.6 + 4.5 = 5.1 ಲೀಟರ್. 96 ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ ನಿಜವಾದ ಮೈಲೇಜ್ 18.8.

ಹಾಗಾಗಿ ಶೀಟ್‌ನ A ಕಾಲಂನಲ್ಲಿ ದಿನಾಂಕ ಮತ್ತು ಹೊರಟ ಸಮಯ, B ಯಲ್ಲಿ ಕಿ.ಮೀ., C ಯಲ್ಲಿ ಮೈಲೇಜ್ ಹಾಕಿ, D ಯಲ್ಲಿ ಲೀಟರ್ ತೆಗೆಯಿರಿ. D2 ಸೂತ್ರವನ್ನು ಟ್ರಿಪ್ ಇರುವ ಸಾಲುಗಳವರೆಗೆ ಮಾತ್ರ ಕೆಳಗೆ ಎಳೆಯಿರಿ. ತಿಂಗಳ ಲೆಕ್ಕ ಕೊನೆಯ ಸಾಲಿನದು:

```
D2: =B2/C2
=SUM(B2:B40)/SUM(D2:D40)
```

ಸ್ಕ್ರೋಲ್ ಮಾಡುತ್ತಾ ತೆಗೆದ ಸ್ಕ್ರೀನ್‌ಶಾಟ್‌ಗಳಲ್ಲಿ ಒಂದೇ ಟ್ರಿಪ್ ಎರಡು ಸಲ ಬರೋದು ಮಾಮೂಲು. A ಕಾಲಂ ನೋಡಿ ಅಳಿಸಿ. ಫೋಟೋದಿಂದ ಅಕ್ಷರ ಎತ್ತಿಕೊಂಡರೆ ಚುಕ್ಕಿ ಬಿಟ್ಟುಹೋಗಿ 14.2 ಅನ್ನೋದು 142 ಆಗಬಹುದು. B ಕಾಲಂನ ಮೊತ್ತ ಓಡೋಮೀಟರ್ ವ್ಯತ್ಯಾಸಕ್ಕೆ ಹೊಂದದಿದ್ದರೆ ಯಾವುದೋ ಟ್ರಿಪ್ ಬಿಟ್ಟುಹೋಗಿದೆ, ಎರಡು ಸಲ ಸೇರಿದೆ ಅಥವಾ ಕಿ.ಮೀ. ಅಂಕಿ ತಪ್ಪಾಗಿದೆ.

ತಿಂಗಳಿಂದ ತಿಂಗಳಿಗೆ ಹೋಲಿಸುವಾಗ 5 ಕಿ.ಮೀ. ಒಳಗಿನ ಟ್ರಿಪ್‌ಗಳನ್ನು ಬೇರೆ ಇಟ್ಟು ನೋಡಿ. ಎಂಜಿನ್ ಬಿಸಿಯಾಗುವ ಮೊದಲೇ ಅವು ಮುಗಿಯುತ್ತವೆ. ಉದ್ದದ ಟ್ರಿಪ್‌ಗಳಲ್ಲೂ ಮೈಲೇಜ್ ಇಳಿದಿದ್ದರೆ ಮೊದಲು ಟೈರ್ ಗಾಳಿ ನೋಡಿಸಿ.