ಶಾಲೆಯ ಹವಾಮಾನ ಭಾಷಣಕ್ಕೊಂದು ಸಲಹೆ

ಪುಣೆಯ ನಮ್ಮ ಬಳಗದ ಮಕ್ಕಳಲ್ಲಿ ಯಾರಾದರೂ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ರೈತರಿಗೂ ನಾವಿಕರಿಗೂ ದಿನನಿತ್ಯದ ಹವಾಮಾನ ವೀಕ್ಷಣೆ ಏಕೆ ಬೇಕೆಂದು ಮಾತನಾಡುವುದಿದ್ದರೆ, ಇಡೀ ಭಾಷಣವನ್ನು ವಾಯುಭಾರಮಾಪಕದ ಸುತ್ತಲೇ ಕಟ್ಟಿಸಿರಿ.

ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡವು ದಿನಕ್ಕೆರಡು ಬಾರಿ ತಾನಾಗಿಯೇ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ. ಗೋವೆಯ ಕಡಲಲ್ಲಿರುವ ಹಡಗಿನಲ್ಲಿ ಬೆಳಿಗ್ಗೆ 1008 ಹೆಕ್ಟೋಪ್ಯಾಸ್ಕಲ್ ಇದ್ದದ್ದು ಸಂಜೆ 1005ಕ್ಕೆ ಇಳಿಯಿತೆಂದುಕೊಳ್ಳಿ, ಅದು ನಿತ್ಯದ ಇಳಿತವಷ್ಟೇ. ಮರುದಿನ ಬೆಳಿಗ್ಗೆ ಹತ್ತಕ್ಕೇ 1004 ಕಂಡರೆ ಮಾತು ಬೇರೆ, ಏಕೆಂದರೆ ಅದೇ ಹೊತ್ತಿನ ಅಂಕಿಗಿಂತ ನಾಲ್ಕು ಕಡಿಮೆಯಾಗಿದೆ. ಆ ಋತುವಿನ ಸರಾಸರಿಗಿಂತ ಮೂರು ಕಡಿಮೆಯಾದರೆ ಚಂಡಮಾರುತವನ್ನು ಶಂಕಿಸಬೇಕೆಂದೂ, ಐದು ಕಡಿಮೆಯಾದರೆ ಶಂಕೆ ಬಹುಮಟ್ಟಿಗೆ ನಿಜವೆಂದೂ ನಾವಿಕರು ಎಣಿಸುತ್ತಾರೆ. ಪ್ರತಿದಿನ ಒಂದೇ ಹೊತ್ತಿಗೆ ಬರೆದಿಟ್ಟ ಪುಸ್ತಕವಿಲ್ಲದವನಿಗೆ ಈ ಎರಡು ಇಳಿತಗಳ ವ್ಯತ್ಯಾಸ ತಿಳಿಯುವುದೇ ಇಲ್ಲ.

ಕೊಂಕಣದ ರೈತನಿಗೂ ಇದೇ ಇಳಿತ ಉಪಯುಕ್ತ: ಕೊಯ್ದ ಭತ್ತ ಗದ್ದೆಯಲ್ಲಿದ್ದರೆ ಇಲಾಖೆಯ ಮುನ್ಸೂಚನೆಯನ್ನು ಕೂಡಲೇ ನೋಡಿ, ಪೈರನ್ನು ಒಳಗೆ ಸಾಗಿಸಬಹುದು. ಆದರೆ ಸ್ಥಳೀಯ ಗುಡುಗುಮಳೆಯನ್ನು ಈ ಉಪಕರಣ ಮುಂದಾಗಿ ಹೇಳಲಾರದು. ಮಗು ಇದನ್ನೂ ಹೇಳಲಿ.

ಮಕ್ಕಳು ವಾರವಿಡೀ ಮೊಬೈಲಿನ ಮಾಪಕದಲ್ಲಿ ಒಂದೇ ಹೊತ್ತಿಗೆ ಅಂಕಿ ಬರೆದು ಸಭೆಯಲ್ಲಿ ಓದಲಿ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 945ರ ಆಸುಪಾಸಿನ ಅಂಕಿ ಬರುತ್ತದೆ. ಅದನ್ನು ಚಂಡಮಾರುತವೆಂದು ತಿಳಿಯದಂತೆ ಮೊದಲೇ ವಿವರಿಸಿರಿ.